ಕಷ್ಟ ಬೇಡ, ತಾರೀಖು ಬರಿ

2023ರ ಜೂನ್ ತಿಂಗಳ ಸಂಬಳದ ಚೀಟಿ ಮೊಬೈಲಿಗೆ ಬಂದಾಗ ಮಗುವಿಗೆ ಇನ್ನೂ ಒಂದು ತಿಂಗಳು ತುಂಬಿರಲಿಲ್ಲ. ನಾನು ಶಿವಮೊಗ್ಗದ ತವರಿನಲ್ಲಿ ಬಾಣಂತನದಲ್ಲಿದ್ದೆ. ಕಚೇರಿ ಬೆಂಗಳೂರಿನಲ್ಲಿ. ಚೀಟಿಯಲ್ಲಿ ಜೂನ್ 1ರಿಂದ 11ರವರೆಗೆ ಸಂಬಳ ಹಾಕಿದ್ದರು. ಉಳಿದ 19 ದಿನಗಳ ಎದುರಿಗೆ ‘ಎಲ್‌ಒಪಿ’ ಎಂದಿತ್ತು. ಅಂದರೆ ಸಂಬಳವಿಲ್ಲದ ರಜೆ. ಜುಲೈ ಚೀಟಿಯಲ್ಲಿ 31 ದಿನವೂ ಹಾಗೆಯೇ ಇತ್ತು.

ನಮ್ಮೆಜಮಾನರದು ಮುದ್ರಣಾಲಯವೊಂದರಲ್ಲಿ ಕೆಲಸ. ಅವರ ಸಂಬಳದಲ್ಲಿ ಬೆಂಗಳೂರಿನ ಮನೆಬಾಡಿಗೆ ಕಟ್ಟಿ, ಆಸ್ಪತ್ರೆಗೆಂದು ಮಾಡಿದ ಸಾಲದ ಕಂತು ತುಂಬಿದರೆ ಕೈಯಲ್ಲಿ ಉಳಿಯುತ್ತಿದ್ದದ್ದು ಅಷ್ಟಕ್ಕಷ್ಟೆ. ಆಗಸ್ಟ್ ಹೊತ್ತಿಗೆ ಅಮ್ಮ ತನ್ನ ಎರಡು ಬಳೆಗಳನ್ನು ನನಗೆ ಹೇಳದೆ ಅಡವಿಟ್ಟಿದ್ದಳು. ಮಗುವಿನ ಚುಚ್ಚುಮದ್ದಿಗೆ ಹೋಗುವಾಗ ಅವಳ ಬರಿಗೈ ನೋಡಿ ನನಗೆ ಗೊತ್ತಾಯಿತು.

ಎಚ್‌ಆರ್ ವಿಭಾಗಕ್ಕೆ ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ: ‘ಮಗುವಿನ ಹೆಸರಿರುವ ಜನನ ಪ್ರಮಾಣಪತ್ರ ಬಂದ ಮೇಲೆ ಮಾಡ್ತೀವಿ ಮೇಡಂ.’ ನಮ್ಮಲ್ಲಿ ನಾಮಕರಣಕ್ಕೆ ಮುಹೂರ್ತ ಸಿಕ್ಕಿದ್ದು ಅಕ್ಟೋಬರಿನಲ್ಲಿ. ಹೆಸರೇ ಇಟ್ಟಿಲ್ಲದ ಮಗುವಿನ ಹೆಸರನ್ನು ಎಲ್ಲಿಂದ ತರುವುದು?

ಆಗ ನೆರವಿಗೆ ಬಂದವರು ದೊಡ್ಡಮ್ಮ. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗುಮಾಸ್ತೆಯಾಗಿ ಕಡತ ನೋಡಿ ನಿವೃತ್ತರಾದವರು. ನನ್ನ ಮಾತನ್ನೆಲ್ಲ ಕೇಳಿ ಅವರು ಹೇಳಿದ್ದಿಷ್ಟು: ‘ಕಷ್ಟ ಬರೀಬೇಡ, ತಾರೀಖು ಬರಿ. ಕಷ್ಟ ಓದಿದೋರು ಅಯ್ಯೋ ಅಂತಾರೆ, ಕಾಗದ ಪಕ್ಕಕ್ಕಿಡ್ತಾರೆ. ತಾರೀಖು ಓದಿದೋರು ಕಡತ ತೆಗೆದು ನೋಡಲೇಬೇಕು.’

ಹೆರಿಗೆ ಭತ್ಯೆ ಕಾಯ್ದೆಯ ಪ್ರತಿಯನ್ನು ನಾನು ಹುಡುಕಿ ತೆಗೆದೆ. 1961ರ ಕಾಯ್ದೆ, 2017ರಲ್ಲಿ ತಿದ್ದುಪಡಿಯಾದದ್ದು. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ ಎಂಬುದು ಎಲ್ಲರಿಗೂ ಗೊತ್ತು. ಹಣವನ್ನು ಯಾವಾಗ ಕೊಡಬೇಕು ಎಂಬುದನ್ನೂ ಅದೇ ಕಾಯ್ದೆ ಹೇಳಿದೆ ಎನ್ನುವುದು ಅಷ್ಟಾಗಿ ಗೊತ್ತಿಲ್ಲ. ಆರನೆಯ ಕಲಮಿನ ಪ್ರಕಾರ ಇದು ಎರಡು ಕಂತು. ವೈದ್ಯರು ಹೇಳಿದ ಹೆರಿಗೆ ದಿನಕ್ಕಿಂತ ಹಿಂದಿನ ರಜೆಯ ಹಣವನ್ನು, ಗರ್ಭಿಣಿ ಎಂಬ ಪುರಾವೆ ಕೊಟ್ಟಾಗ ಮುಂಗಡವಾಗಿ ಕೊಡಬೇಕು. ಮಿಕ್ಕದ್ದನ್ನು, ಹೆರಿಗೆಯಾಯಿತೆಂಬ ಪುರಾವೆ ಕೊಟ್ಟ 48 ಗಂಟೆಯೊಳಗೆ ಕೊಡಬೇಕು.

ದೊಡ್ಡಮ್ಮ ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ‘ನೋಡು, ಹೆರಿಗೆಯಾದ ಪುರಾವೆ ಅಂತಿದೆ. ಮಗುವಿನ ಹೆಸರು ಅಂತ ಎಲ್ಲೂ ಇಲ್ಲ. ಪುರಾವೆ ಯಾವತ್ತು ಕೊಟ್ಟೆ?’

ಮಗು ಹುಟ್ಟಿದ್ದು ಜೂನ್ 5ರಂದು. ಆಸ್ಪತ್ರೆಯ ಡಿಸ್ಚಾರ್ಜ್ ಸಮರಿಯನ್ನು ಜೂನ್ 14ರಂದು ಎಚ್‌ಆರ್‌ಗೆ ಇ-ಮೇಲ್ ಮಾಡಿದ್ದೆ. ‘ತಲುಪಿದೆ’ ಎಂದು ಅದೇ ದಿನ ಅವರಿಂದ ಉತ್ತರವೂ ಬಂದಿತ್ತು. ಆ ಒಂದು ಪದದ ಉತ್ತರ ಓದಿ ದೊಡ್ಡಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ, ‘ನಿನ್ನ ಹತ್ರ ಇರೋ ಕಾಗದದಲ್ಲೆಲ್ಲ ಇದೇ ದೊಡ್ಡದು’ ಎಂದರು. ಪುರಾವೆ ಅವರ ಕೈ ಸೇರಿದ ದಿನ ಅದರಿಂದ ಖಚಿತವಾಗುತ್ತಿತ್ತು. 48 ಗಂಟೆ ಶುರುವಾಗುವುದು ಆ ದಿನದಿಂದಲೇ. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ತಾರೀಖು ಇರುವುದಿಲ್ಲ. ಇ-ಮೇಲಿಗೆ ಬಂದ ಉತ್ತರ, ಪ್ರತಿಯ ಮೇಲೆ ಹಾಕಿಸಿಕೊಂಡ ಮೊಹರು, ಅಂಚೆಯ ಸ್ವೀಕೃತಿ, ಇವಕ್ಕೆ ಇರುತ್ತದೆ.

ಆಮೇಲೆ ದಿನಗಳ ಲೆಕ್ಕಕ್ಕೆ ಕುಳಿತೆವು. ನನ್ನ ರಜೆ ಆರಂಭವಾದದ್ದು ಮೇ 22, ಸೋಮವಾರ. ಅಲ್ಲಿಂದ 26 ವಾರ, ಅಂದರೆ 182 ದಿನ ಎಣಿಸಿದರೆ ನವೆಂಬರ್ 19, ಭಾನುವಾರಕ್ಕೆ ಮುಗಿಯುತ್ತದೆ. ವೈದ್ಯರು ಹೇಳಿದ್ದ ಹೆರಿಗೆ ದಿನ ಜೂನ್ 12. ಅದರ ಹಿಂದಿನ 21 ದಿನಕ್ಕೆ ಹಣ ಬಂದಿತ್ತು. ಬಾಕಿ 161 ದಿನ. ದಿನದ ದರವನ್ನು ರಜೆಗೆ ಮುಂಚಿನ ಮೂರು ತಿಂಗಳ ಸಂಬಳದ ಸರಾಸರಿಯಿಂದ ತೆಗೆಯಬೇಕು. ನನ್ನ ಸಂಬಳ ತಿಂಗಳಿಗೆ 36,000 ರೂಪಾಯಿ. ನಮ್ಮ ಕಚೇರಿ ತಿಂಗಳಿಗೆ 30 ದಿನ ಎಂದು ಲೆಕ್ಕ ಹಿಡಿಯುತ್ತಿದ್ದುದರಿಂದ ದಿನಕ್ಕೆ 1,200 ರೂಪಾಯಿ. 161 ದಿನಕ್ಕೆ 1,93,200 ರೂಪಾಯಿ.

ಆಗಸ್ಟ್ 28ರಂದು ಕಳಿಸಿದ ಪತ್ರ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

‘ವಿಷಯ: 2023ರ ಜೂನ್ 12ರಿಂದ ಬಾಕಿ ಇರುವ ಹೆರಿಗೆ ಭತ್ಯೆಯ ಬಿಡುಗಡೆ.

ಮಾನ್ಯರೇ, ನನ್ನ ರಜೆಯ ವಿವರ ಮತ್ತು ಅದಕ್ಕೆ ಸಂಬಂಧಿಸಿದ ದಾಖಲೆಗಳು ಈ ಕೆಳಗಿನಂತಿವೆ.

ಏಪ್ರಿಲ್ 24: ರಜೆಯ ಸೂಚನೆ ಮತ್ತು ಹೆರಿಗೆಯ ನಿರೀಕ್ಷಿತ ದಿನ ನಮೂದಿಸಿದ ವೈದ್ಯರ ಪತ್ರ ಸಲ್ಲಿಕೆ. ನಿಮ್ಮ ಮೊಹರಿರುವ ಪ್ರತಿ, ದಾಖಲೆ 1.
ಮೇ 22: ರಜೆ ಆರಂಭ.
ಜೂನ್ 5: ಹೆರಿಗೆ. ಡಿಸ್ಚಾರ್ಜ್ ಸಮರಿ, ದಾಖಲೆ 2. ಜನನ ಪ್ರಮಾಣಪತ್ರ, ದಾಖಲೆ 3.
ಜೂನ್ 14: ಹೆರಿಗೆಯ ಪುರಾವೆ ನಿಮಗೆ ತಲುಪಿದ ದಿನ. ಇ-ಮೇಲ್ ಮತ್ತು ನಿಮ್ಮ ಉತ್ತರ, ದಾಖಲೆ 4.
ನವೆಂಬರ್ 19: ರಜೆಯ ಕೊನೆಯ ದಿನ. ನವೆಂಬರ್ 20ರಂದು ಕೆಲಸಕ್ಕೆ ಹಾಜರಾಗುತ್ತೇನೆ.

ಮೇ 22ರಿಂದ ಜೂನ್ 11ರವರೆಗಿನ 21 ದಿನದ ಹಣ ಬಂದಿದೆ. ಜೂನ್ 12ರಿಂದ ನವೆಂಬರ್ 19ರವರೆಗಿನ 161 ದಿನದ 1,93,200 ರೂಪಾಯಿ ಬಾಕಿ ಇದೆ. ಫೆಬ್ರವರಿ, ಮಾರ್ಚ್, ಏಪ್ರಿಲ್ ಸಂಬಳದ ಚೀಟಿಗಳು ದಾಖಲೆ 5. ಸಂಬಳವಿಲ್ಲದ ರಜೆ ಎಂದು ತೋರಿಸಿರುವ ಜೂನ್, ಜುಲೈ ಚೀಟಿಗಳು ದಾಖಲೆ 6. ಹೆರಿಗೆ ಭತ್ಯೆ ಕಾಯ್ದೆಯ 6ನೇ ಕಲಮಿನಂತೆ ಈ ಮೊತ್ತ ಪುರಾವೆ ತಲುಪಿದ 48 ಗಂಟೆಯೊಳಗೆ ಸಲ್ಲಬೇಕಿತ್ತು. ದಯವಿಟ್ಟು ಬಿಡುಗಡೆ ಮಾಡಿ, ಹಾಜರಿಯಲ್ಲಿರುವ ಎಲ್‌ಒಪಿ ನಮೂದನ್ನು ಹೆರಿಗೆ ರಜೆ ಎಂದು ತಿದ್ದಬೇಕಾಗಿ ವಿನಂತಿ. ಬೇರೆ ದಾಖಲೆ ಬೇಕಿದ್ದಲ್ಲಿ ಯಾವುದೆಂದು ಬರಹದಲ್ಲಿ ತಿಳಿಸಿ.’

ಅಷ್ಟೇ ಪತ್ರ. ಅಮ್ಮನ ಬಳೆಯ ಮಾತಾಗಲಿ ಸಾಲದ ಮಾತಾಗಲಿ ಅದರಲ್ಲಿರಲಿಲ್ಲ. ಕಾರ್ಮಿಕ ಇಲಾಖೆಗೆ ದೂರು ಕೊಡುವ ಮಾತನ್ನೂ ದೊಡ್ಡಮ್ಮ ಸೇರಿಸಗೊಡಲಿಲ್ಲ. ‘ಆ ಬಾಗಿಲು ಇದ್ದೇ ಇದೆ, ಮೊದಲ ಕಾಗದದಲ್ಲೇ ತಟ್ಟೋದು ಬೇಡ’ ಎಂದರು. ಕಾಯ್ದೆಯ 17ನೇ ಕಲಮಿನಡಿ ನಿರೀಕ್ಷಕರಿಗೆ ದೂರು ಕೊಡಬಹುದಿತ್ತು, ಅವರು ವಿಚಾರಿಸಿ ಹಣ ಕೊಡುವಂತೆ ಆದೇಶಿಸಬಹುದಿತ್ತು. ಹಾಗೇನಾದರೂ ಹೋಗಬೇಕಾಗಿ ಬಂದರೆ ನಿರೀಕ್ಷಕರು ಮೊದಲು ಕೇಳುವುದು ಇಂಥದೇ ಒಂದು ಪತ್ರವನ್ನು.

ಮೂರನೆಯ ದಿನ ಉತ್ತರ ಬಂತು. ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿಲ್ಲ ಎಂಬ ಹಳೆಯ ಮಾತೇ, ಈ ಸಲ ಬರಹದಲ್ಲಿ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಹೆಸರನ್ನು ಮಾತ್ರ ಆಮೇಲೂ ಸೇರಿಸಬಹುದು, ಒಂದು ವರ್ಷದೊಳಗಾದರೆ ಶುಲ್ಕವೂ ಇಲ್ಲ. ಅದಕ್ಕೇ ಎಷ್ಟೋ ಮಕ್ಕಳ ಮೊದಲ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇರುತ್ತದೆ. ತಾಯಿಯ ಹೆಸರು, ಹುಟ್ಟಿದ ದಿನ, ನೋಂದಣಿ ಸಂಖ್ಯೆ ಇರುತ್ತವೆ. ಭತ್ಯೆಗೆ ಬೇಕಾದದ್ದು ಅಷ್ಟೇ. ಇದನ್ನೇ ನಾಲ್ಕು ಸಾಲಿನಲ್ಲಿ ಬರೆದು, ಹೆಸರು ಬೇಕೆಂದು ಹೇಳುವ ನಿಯಮ ಯಾವುದೆಂದು ತಿಳಿಸಿ ಎಂದು ಕೇಳಿದೆ. ಆ ಪ್ರಶ್ನೆಗೆ ಉತ್ತರ ಬರಲಿಲ್ಲ. ಬದಲಿಗೆ ಸೆಪ್ಟೆಂಬರ್ 4ರಂದು ಲೆಕ್ಕದ ಹಾಳೆ ಬಂತು.

ಹಾಳೆಯಲ್ಲಿ 161ರ ಬದಲು 138 ದಿನವಿತ್ತು. ಮೊತ್ತ 1,65,600. ಎಲ್ಲಿ ಹೋದವು 23 ದಿನ ಎಂದು ಕ್ಯಾಲೆಂಡರ್ ಹಿಡಿದು ಎಣಿಸಿದೆ. ಜೂನ್ 12ರಿಂದ ನವೆಂಬರ್ 19ರವರೆಗೆ ಸರಿಯಾಗಿ 23 ಭಾನುವಾರಗಳಿದ್ದವು. ವಾರದ ರಜೆಗೆ ಭತ್ಯೆ ಇಲ್ಲವೆಂದು ಅವನ್ನು ತೆಗೆದಿದ್ದರು. ದಿನದ ದರಕ್ಕೆ ಸಂಬಳವನ್ನು ಭಾನುವಾರ ಸೇರಿಸಿ 30ರಿಂದ ಭಾಗಿಸಿ, ಹಣ ಕೊಡುವಾಗ ಭಾನುವಾರ ಬಿಟ್ಟರೆ ನನಗೆ 27,600 ರೂಪಾಯಿ ಕಡಿಮೆಯಾಗುತ್ತಿತ್ತು.

ಈ ಜಗಳ ಹಳೆಯದು. ತೋಟದ ಕಾರ್ಮಿಕ ಹೆಂಗಸೊಬ್ಬಳಿಗೆ ಮಾಲೀಕರು ಹೀಗೆಯೇ ಭಾನುವಾರಗಳನ್ನು ಕಳೆದು ಭತ್ಯೆ ಕೊಟ್ಟಿದ್ದರು. ಕೊಯಮತ್ತೂರಿನ ಕಾರ್ಮಿಕ ನ್ಯಾಯಾಲಯದಲ್ಲಿದ್ದ ಆ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1977ರಲ್ಲಿ ಬಂದ ಬಿ. ಷಾ ಪ್ರಕರಣದ ತೀರ್ಪು, ಈ ಕಾಯ್ದೆಯಲ್ಲಿ ವಾರವೆಂದರೆ ಭಾನುವಾರವೂ ಸೇರಿ ಏಳು ದಿನ ಎಂದು ಹೇಳಿತು. ಆ ತೀರ್ಪಿನ ಪ್ರತಿಯನ್ನೂ 23 ಭಾನುವಾರಗಳ ತಾರೀಖಿನ ಪಟ್ಟಿಯನ್ನೂ ಇ-ಮೇಲಿಗೆ ಲಗತ್ತಿಸಿ, ಲೆಕ್ಕ ಸರಿಪಡಿಸಿ ಎಂದು ಒಂದೇ ಸಾಲು ಬರೆದೆ. ಸೆಪ್ಟೆಂಬರ್ 15ರಂದು 1,93,200ರ ಪೂರ್ತಿ ಲೆಕ್ಕದ ಮೇಲೆ, ಎಂದಿನ ಕಡಿತಗಳು ಹೋಗಿ, ಹಣ ಖಾತೆಗೆ ಬಂತು. ಮರುದಿನವೇ ಅಮ್ಮನ ಬಳೆ ಬಿಡಿಸಿದೆವು.

ಕೆಲಸಕ್ಕೆ ಮರಳಿದ ಮೇಲೆ ವೇತನ ವಿಭಾಗದ ಗೆಳತಿ ಒಳಗಿನ ವಿಷಯ ಹೇಳಿದಳು. ಹಾಜರಿಯ ಸಾಫ್ಟ್‌ವೇರಿನಲ್ಲಿ ಹೆರಿಗೆ ದಿನದವರೆಗೆ ಮಾತ್ರ ರಜೆ ನಮೂದಾಗಿತ್ತಂತೆ. ‘ಹೆರಿಗೆ ದೃಢಪಟ್ಟಿದೆ’ ಎಂದು ಯಾರಾದರೂ ಗುರುತು ಹಾಕದಿದ್ದರೆ ಮುಂದಿನ ದಿನಗಳೆಲ್ಲ ತಾವಾಗಿ ಎಲ್‌ಒಪಿ ಆಗುತ್ತವೆ. ಆದ್ದರಿಂದ ರಜೆಯಲ್ಲಿರುವವರು ಮೊದಲ ತಿಂಗಳ ಚೀಟಿಯಲ್ಲಿ ಮೊತ್ತದ ಜೊತೆಗೆ ದಿನಗಳ ಕಾಲಮನ್ನೂ ನೋಡಬೇಕು. ತಡೆ ಎಲ್ಲಿದೆ ಎಂಬುದು ಅಲ್ಲೇ ತಿಳಿಯುತ್ತದೆ.

ಈ ದಾರಿ ಎಲ್ಲರಿಗೂ ಅಲ್ಲ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ ಅವರ ಭತ್ಯೆ ಬರುವುದು ಇಎಸ್‌ಐ ನಿಗಮದಿಂದ. ಅರ್ಜಿಯೂ ಅದರ ಶಾಖಾ ಕಚೇರಿಗೇ ಹೋಗಬೇಕು. ಉಳಿದವರು ಹೆರಿಗೆಯ ನಿರೀಕ್ಷಿತ ದಿನದ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಆ ಮಾಲೀಕರಲ್ಲಿ ಕೆಲಸ ಮಾಡಿರಬೇಕು. ಈಗಾಗಲೇ ಇಬ್ಬರು ಮಕ್ಕಳಿದ್ದರೆ ರಜೆ 26 ವಾರವಲ್ಲ, 12 ವಾರ. 2025ರ ನವೆಂಬರ್ 21ರಿಂದ 1961ರ ಕಾಯ್ದೆಯ ಜಾಗದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಪತ್ರದಲ್ಲಿ ಈಗ ಅದರ ಹೆಸರನ್ನು ಬರೆಯಬೇಕು. 26 ವಾರವೂ 48 ಗಂಟೆಯೂ ಅದರಲ್ಲಿ ಹಾಗೆಯೇ ಉಳಿದಿವೆ.