ಬ್ಯಾಟಿನ ಬೆನ್ನು

1975ನೆಯ ಇಸವಿಯಲ್ಲಿ ಕಲಕತ್ತೆಯಲ್ಲಿ ವಿಶ್ವ ಟೇಬಲ್ ಟೆನ್ನಿಸ್ ಪಂದ್ಯಾವಳಿ ನಡೆದಾಗ ಬೆಂಗಳೂರಿನಿಂದ ರೈಲು ಹತ್ತಿ ಹೋಗಿದ್ದ ನನ್ನಂಥ ತರುಣ ಆಟಗಾರರ ದೃಷ್ಟಿಯೆಲ್ಲ ಚೀಣೀಯರ ಬಲಗೈಯ ಮೇಲೆಯೇ ನೆಟ್ಟಿದ್ದಿತು. ನಮ್ಮ ಕ್ಲಬ್ಬುಗಳಲ್ಲಿ ನಾವೆಲ್ಲರೂ ಕಲಿತದ್ದು ಷೇಕ್‌ಹ್ಯಾಂಡ್ ಹಿಡಿತ: ಹಸ್ತಲಾಘವಕ್ಕೆ ಕೈ ಚಾಚಿದಂತೆ ಹಿಡಿಯನ್ನು ಮೂರು ಬೆರಳುಗಳಿಂದ ಸುತ್ತಿ, ಹೆಬ್ಬೆರಳನ್ನು ಒಂದು ಮುಖದ ಮೇಲೂ ತೋರುಬೆರಳನ್ನು ಇನ್ನೊಂದು ಮುಖದ ಕೆಳ ಅಂಚಿನ ಮೇಲೂ ಇರಿಸುವುದು. ಚೀಣೀಯರಾದರೋ ಲೇಖನಿಯನ್ನು ಹಿಡಿದಂತೆ ಹಿಡಿಯ ಬುಡವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಸಿಕ್ಕಿಸಿಕೊಂಡು, ಉಳಿದ ಮೂರು ಬೆರಳುಗಳನ್ನು ಬ್ಯಾಟಿನ ಹಿಂದೆ ಮಡಿಚಿ, ಅದರ ತಲೆಯನ್ನು ಕೆಳಗೆ ಇಳಿಬಿಟ್ಟು ಆಡುತ್ತಿದ್ದರು. ಇದೇ ಪೆನ್‌ಹೋಲ್ಡ್. 1952ರಲ್ಲಿ ಮುಂಬಯಿಯ ಪಂದ್ಯಾವಳಿಯನ್ನು ಕಂಡುಬಂದಿದ್ದ ಹಿರಿಯರು, ಜಪಾನಿನ ಹಿರೋಜಿ ಸಾತೊ ಎಂಬಾತ ಇದೇ ಹಿಡಿತದಿಂದಲೂ ದಪ್ಪ ಸ್ಪಂಜಿನ ಬ್ಯಾಟಿನಿಂದಲೂ ಯೂರೋಪಿನ ಘಟಾನುಘಟಿಗಳನ್ನು ಸೋಲಿಸಿ ವಿಶ್ವವಿಜೇತನಾದ ಸಂಗತಿಯನ್ನು ನಮಗೆ ಮೊದಲೇ ವರ್ಣಿಸಿದ್ದರು.

ಕಲಕತ್ತೆಯಲ್ಲಿ ಚೀಣವು ಪುರುಷರ ತಂಡ ಪ್ರಶಸ್ತಿಯನ್ನು ಗೆದ್ದಿತು. ಆದರೆ ಸಿಂಗಲ್ಸ್‌ನ ಅಂತಿಮ ಪಂದ್ಯದಲ್ಲಿ ಉಳಿದವರಿಬ್ಬರೂ ಯೂರೋಪಿನವರು, ಹಂಗೆರಿಯ ಇಷ್ಟ್ವಾನ್ ಯೋನ್ಯೆರ್ ಮತ್ತು ಯುಗೋಸ್ಲಾವಿಯದ ಸ್ಟಿಪಾಂಚಿಚ್, ಗೆದ್ದವನು ಯೋನ್ಯೆರ್. ಪೆನ್‌ಹೋಲ್ಡ್‌ನ ಬಲವೂ ಬಲಹೀನತೆಯೂ ಒಂದೇ ಮೂಲದಿಂದ ಹುಟ್ಟಿದವುಗಳೆಂದು ಆ ದಿನಗಳಲ್ಲಿ ನನಗೆ ಹೊಳೆಯತೊಡಗಿತು.

ಒಂದು ಚೆಂಡನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೇಜಿನ ಅಗಲ 152.5 ಸೆಂಟಿಮೀಟರು. ಎದುರಾಳಿಯು ಕರ್ಣರೇಖೆಯಲ್ಲಿ ಹೊಡೆದ ಚೆಂಡು ಬಲಗೈ ಆಟಗಾರನ ಎಡಮೂಲೆಯಲ್ಲಿ, ಪಕ್ಕದ ಗೆರೆಯ ಸಮೀಪದಲ್ಲಿ ಪುಟಿದು, ಮೇಜಿನಿಂದ ಇನ್ನೂ ಆಚೆಗೆ ಸರಿಯುತ್ತಿದೆ. ಷೇಕ್‌ಹ್ಯಾಂಡ್‌ನವನಿಗೆ ಬ್ಯಾಟು ಮುಂಗೈಯ ಮುಂದುವರಿಕೆಯೇ ಆಗಿರುವುದರಿಂದ ಅವನು ಮೊಣಕೈಯನ್ನು ಇದ್ದೆಡೆಯಲ್ಲೇ ನಿಲ್ಲಿಸಿ ಮುಂಗೈಯನ್ನು ಎಡಕ್ಕೆ ಬಿಚ್ಚಿದರೆ ಸಾಕು, ಬ್ಯಾಟಿನ ಪೂರ್ಣ ಉದ್ದವೂ ಅವನ ತೋಳಿಗೆ ಕೂಡಿಕೊಳ್ಳುತ್ತದೆ. ಅಷ್ಟೇ ಅಲ್ಲ, ಮಣಿಕಟ್ಟನ್ನು ಮೊದಲು ಹೊಟ್ಟೆಯ ಕಡೆಗೆ ಮಡಿಸಿ ಅನಂತರ ಹೊರಕ್ಕೆ ಬಿಡಿಸುವಷ್ಟು ಅವಕಾಶವಿರುವುದರಿಂದ ಚೆಂಡನ್ನು ಬರಿದೇ ತಡೆಯದೆ, ಅದಕ್ಕೆ ಮೇಲ್ಮುಖವಾದ ಸುತ್ತನ್ನು ಕೊಟ್ಟು ಟಾಪ್‌ಸ್ಪಿನ್ ಆಗಿ ಹಿಂದಿರುಗಿಸಬಲ್ಲನು. ಪೆನ್‌ಹೋಲ್ಡ್‌ನವನ ಬ್ಯಾಟಾದರೋ ಕೈಯ ಕೆಳಗೆ ಇಳಿಬಿದ್ದಿದೆ. ಅದು ತೋಳಿನ ಉದ್ದಕ್ಕೆ ಬಹಳವೇನೂ ಕೂಡುವುದಿಲ್ಲ. ಫೋರ್‌ಹ್ಯಾಂಡಿಗೆ ಬಳಸುವ ಮುಖವನ್ನೇ ಎಡಗಡೆಯಲ್ಲಿಯೂ ಎದುರಾಳಿಯತ್ತ ತಿರುಗಿಸಬೇಕಾದುದರಿಂದ ಅವನ ಮುಂಗೈ ತಿರುಚಿಕೊಳ್ಳುತ್ತದೆ, ಮೊಣಕೈ ಎದೆಯ ಮುಂದಕ್ಕೆ ಬಂದು ಸಿಕ್ಕಿಕೊಳ್ಳುತ್ತದೆ, ಮಣಿಕಟ್ಟು ಹೊಡೆತಕ್ಕೆ ಮುಂಚೆಯೇ ತನ್ನ ಬಾಗುವ ಮಿತಿಯನ್ನು ಮುಟ್ಟಿಬಿಟ್ಟಿರುತ್ತದೆ. ಹಿಂದಕ್ಕೆಳೆಯಲು ಎಡೆಯಿಲ್ಲದ ಕೈ ಮುಂದಕ್ಕೆ ತಳ್ಳಬಲ್ಲದೇ ಹೊರತು ಬೀಸಲಾರದು. ಆದುದರಿಂದ ಹಳೆಯ ಪೆನ್‌ಹೋಲ್ಡ್ ಆಟಗಾರರ ಬ್ಯಾಕ್‌ಹ್ಯಾಂಡ್ ಎಂದರೆ ಮೇಜಿಗೆ ಅಂಟಿ ನಿಂತು ಮಾಡುವ ಬ್ಲಾಕು. ಅದಕ್ಕೂ ಎಟುಕದಿದ್ದರೆ ಎಡಕ್ಕೆ ಓಡಿ, ದೇಹವನ್ನೇ ಸುತ್ತಿಸಿ, ಫೋರ್‌ಹ್ಯಾಂಡಿನಿಂದ ಹೊಡೆಯುವುದು. ಕೈಗೆ ನಿಲುಕದುದನ್ನು ಕಾಲು ತಂದುಕೊಡಬೇಕಾಗಿತ್ತು, ಮತ್ತು ಹಾಗೆ ಓಡಿದವನ ಬಲಮೂಲೆ ಬರಿದಾಗಿ ಉಳಿಯುತ್ತಿತ್ತು.

ಹಾಗೆಂದು ಆ ಹಿಡಿತವನ್ನು ಕೀಳೆಂದು ನಾನೆಂದೂ ಎಣಿಸಲಿಲ್ಲ. ಷೇಕ್‌ಹ್ಯಾಂಡ್‌ನವನ ದೇಹದತ್ತ, ಮೊಣಕೈಯ ನೇರಕ್ಕೆ ಚೆಂಡು ಬಂದರೆ ಯಾವ ಮುಖದಿಂದ ಹೊಡೆಯಬೇಕೆಂಬ ಸಂದಿಗ್ಧದಲ್ಲಿ ಅವನು ಒಂದು ಕ್ಷಣ ತಡವರಿಸುತ್ತಾನೆ. ಒಂದೇ ಮುಖದಿಂದ ಆಡುವವನಿಗೆ ಆ ಸಂದಿಗ್ಧವೇ ಇಲ್ಲ. ಹಿಡಿಯನ್ನು ಅಂಗೈ ಬಿಗಿಯದೆ ಎರಡು ಬೆರಳುಗಳಷ್ಟೇ ತಾಳಿರುವುದರಿಂದ ಫೋರ್‌ಹ್ಯಾಂಡಿನಲ್ಲಿಯೂ ಸರ್ವ್‌ನಲ್ಲಿಯೂ ಪೆನ್‌ಹೋಲ್ಡ್‌ನ ಮಣಿಕಟ್ಟು ಅತ್ಯಂತ ಸ್ವತಂತ್ರ. ಷೇಕ್‌ಹ್ಯಾಂಡ್‌ನವರು ಸರ್ವ್ ಮಾಡುವ ಗಳಿಗೆಯಲ್ಲಿ ಮೂರು ಬೆರಳುಗಳನ್ನು ಹಿಡಿಯಿಂದ ಸಡಿಲಿಸಿಕೊಳ್ಳುವುದು ಇದೇ ಸ್ವಾತಂತ್ರ್ಯಕ್ಕಾಗಿ.

1987ರ ದೆಹಲಿಯ ಪಂದ್ಯಾವಳಿಯನ್ನು ನೋಡುವ ಭಾಗ್ಯವೂ ನನ್ನದಾಯಿತು. ಅಂತಿಮ ಪಂದ್ಯದಲ್ಲಿ ಚೀಣದ ಜಿಯಾಂಗ್ ಜಿಯಾಲಿಯಾಂಗ್, ಸ್ವೀಡನ್ನಿನ ಯಾನ್ ಉವೆ ವಾಲ್ಡ್‌ನರ್‌ನನ್ನು ಎದುರಿಸಿದನು. ಜಿಯಾಂಗನದು ಹಳೆಯ ಪೆನ್‌ಹೋಲ್ಡ್ ಸಂಪ್ರದಾಯದ ಪರಾಕಾಷ್ಠೆ: ಹೊರಮುಖದ ಗುಳ್ಳೆಗಳ ರಬ್ಬರು, ಚೆಂಡು ಏಳುತ್ತಿರುವಾಗಲೇ ಬ್ಲಾಕು, ಮರುಕ್ಷಣವೇ ಫೋರ್‌ಹ್ಯಾಂಡಿನ ಚಪ್ಪಟೆ ಏಟು. ನಾಲ್ಕನೆಯ ಗೇಮನ್ನು 24-22ರಲ್ಲಿ ಗೆದ್ದು ಅವನು ವಿಜಯಿಯಾದನು. ಅಲ್ಲಿದ್ದ ನಾವಾರೂ ಒಂದು ಯುಗದ ಅಂತ್ಯವನ್ನು ನೋಡುತ್ತಿದ್ದೇವೆಂದು ತಿಳಿಯಲಿಲ್ಲ. ಎರಡೇ ವರ್ಷಗಳ ಮೇಲೆ, 1989ರಲ್ಲಿ, ಡಾರ್ಟ್‌ಮುಂಡ್‌ನ ತಂಡಸ್ಪರ್ಧೆಯ ಅಂತಿಮ ಪಂದ್ಯದಲ್ಲಿ ಸ್ವೀಡನ್ ಚೀಣವನ್ನು 5-0ಯಿಂದ ಸೋಲಿಸಿತು. ಎರಡು ಕಡೆಯಿಂದಲೂ ಟಾಪ್‌ಸ್ಪಿನ್ ಹೊಡೆಯುವವರ ಮುಂದೆ ಒಂದು ಕಡೆ ಬರಿದೇ ತಳ್ಳುವ ಆಟಕ್ಕೆ ಇನ್ನು ಉಳಿಗಾಲವಿರಲಿಲ್ಲ.

ಚೀಣೀಯರು ಕಂಡುಕೊಂಡ ಉತ್ತರ ಸರಳವಾದುದು, ಆದರೆ ಅಷ್ಟು ಕಾಲ ಎಲ್ಲರ ಕಣ್ಣ ಮುಂದೆ ಇದ್ದೂ ಕಾಣದಿದ್ದುದು. ಬ್ಯಾಟಿಗೆ ಬೆನ್ನೊಂದಿತ್ತಲ್ಲವೆ? ಅದರ ಮೇಲೂ ರಬ್ಬರು ಅಂಟಿಸಿ, ಹಿಡಿತವನ್ನು ಬದಲಿಸದೆ, ಎಡಗಡೆಯ ಚೆಂಡನ್ನು ಆ ಹಿಮ್ಮುಖದಿಂದ ಹೊಡೆಯತೊಡಗಿದರು. 1996ರ ಒಲಿಂಪಿಕ್ ವಿಜೇತ ಲಿಯು ಗುವೊಲಿಯಾಂಗ್ ಇದನ್ನು ಆಗೀಗ ಬಳಸಿದನು. ಅವನ ನಂತರದ ವಾಂಗ್ ಹಾವೊ ಹಳೆಯ ಬ್ಲಾಕನ್ನು ಹೆಚ್ಚುಕಡಿಮೆ ತ್ಯಜಿಸಿಯೇಬಿಟ್ಟನು.

ಆ ವೇಳೆಗೆ ನಾನು ಆಟ ಬಿಟ್ಟು ಹುಡುಗರಿಗೆ ಕಲಿಸುತ್ತಿದ್ದೆ. ದೂರದರ್ಶನದಲ್ಲಿ ವಾಂಗ್ ಹಾವೊನನ್ನು ಕಂಡು ಮರುಳಾದ ಒಬ್ಬ ಹುಡುಗ ಅದನ್ನು ಕಲಿಯಬೇಕೆಂದು ಹಟ ಹಿಡಿದನು. ಅವನ ಮೊದಲ ಏಟುಗಳೆಲ್ಲ ಮೇಜನ್ನು ದಾಟಿ ಗೋಡೆಗೆ ಹೋಗುತ್ತಿದ್ದುವು. ನೋಡಿದರೆ ಮೊಣಕೈ ಪಕ್ಕೆಗೆ ಅಂಟಿಕೊಂಡಿದ್ದಿತು, ಆದುದರಿಂದ ಬ್ಯಾಟಿನ ಹಿಮ್ಮುಖವು ಚಾವಣಿಯನ್ನು ನೋಡುತ್ತಿದ್ದಿತು. “ಮೊಣಕೈಯನ್ನು ಮುಂದಕ್ಕೆ ತಂದು ಸ್ವಲ್ಪ ಎತ್ತಪ್ಪ, ಬ್ಯಾಟಿನ ತುದಿ ನಿನ್ನ ಹೊಟ್ಟೆಯನ್ನು ನೋಡಲಿ” ಎಂದೆ. ಹಾಗೆ ಮಾಡಿದೊಡನೆ ಮುಖ ಮುಚ್ಚಿಕೊಂಡು ಚೆಂಡು ಮೇಜಿನ ಮೇಲೆ ಬೀಳತೊಡಗಿತು. ಎರಡನೆಯ ದೋಷವನ್ನು ಕಿವಿಯೇ ಹೇಳಿತು: ಹಿಂದಿನ ಬೆರಳುಗಳನ್ನು ಚಾಚಿಬಿಟ್ಟಿದ್ದರಿಂದ ಚೆಂಡು ಕೆಲವೊಮ್ಮೆ ಬೆರಳಿಗೆ ಬಡಿದು ಮಂಕಾದ ಸದ್ದಾಗುತ್ತಿದ್ದಿತು. “ಸಾರ್, ಕೈ ನೋಯುತ್ತೆ” ಎಂದನು ಹುಡುಗ; ಎರಡೂ ಕಡೆ ರಬ್ಬರು ಬಂದು ಭಾರವಾದ ಬ್ಯಾಟನ್ನು ಎರಡು ಬೆರಳುಗಳಲ್ಲಿ ತೂಗಾಡಿಸುವುದು ಎಳೆಯ ಮಣಿಕಟ್ಟಿಗೆ ನಿಜಕ್ಕೂ ಶ್ರಮ. ಆದರೆ ಅಭ್ಯಾಸ ಕೈಗೂಡಿದ ಮೇಲೆ, ನೆಟ್ಟಿನ ಬಳಿ ಬಿದ್ದ ಗಿಡ್ಡ ಚೆಂಡನ್ನು ಅವನು ಆ ಮಣಿಕಟ್ಟಿನ ಬಿಚ್ಚುವಿಕೆಯೊಂದರಿಂದಲೇ ಪಕ್ಕಸುತ್ತು ಸೇರಿಸಿ ಕಿತ್ತೆಸೆಯುತ್ತಿದ್ದ ರೀತಿ ನನ್ನ ಷೇಕ್‌ಹ್ಯಾಂಡ್ ಶಿಷ್ಯರಾರಿಗೂ ಒಲಿಯಲಿಲ್ಲ.

ತೀರ ಅಗಲದ ಚೆಂಡಿಗೆ ಮಾತ್ರ ಷೇಕ್‌ಹ್ಯಾಂಡ್‌ನ ನಿಲುಕು ಈಗಲೂ ಒಂದು ಕೈ ಮೇಲೆಯೇ. ಹಿಮ್ಮುಖದ ಏಟು ಆ ಅಂತರವನ್ನು ಬಹುಮಟ್ಟಿಗೆ ಕುಗ್ಗಿಸಿತೇ ಹೊರತು ಅಳಿಸಲಿಲ್ಲ. ಹಳೆಯ ವಿಧಾನವೂ ಒಮ್ಮೆಗೇ ಸಾಯಲಿಲ್ಲ. 2004ರ ಅಥೆನ್ಸ್ ಒಲಿಂಪಿಕ್ಕಿನ ಅಂತಿಮ ಪಂದ್ಯದಲ್ಲಿ ಕೊರಿಯದ ರ್ಯೂ ಸುಂಗ್‌ಮಿನ್, ಒಂದೇ ಮುಖದಿಂದ ಆಡುತ್ತ, ಎಡಮೂಲೆಯಿಂದ ಬಲಮೂಲೆಗೆ ಚಿಗರೆಯಂತೆ ನೆಗೆಯುತ್ತ, ಇದೇ ವಾಂಗ್ ಹಾವೊನನ್ನು 4-2ರಿಂದ ಸೋಲಿಸಿದನು. ಅಂಥ ಕಾಲುಗಳು ಮತ್ತೆ ಹುಟ್ಟಬಹುದು. ಆದರೆ ಅಂಥ ಕಾಲುಗಳನ್ನು ನಂಬಿ ಎಳೆಯರಿಗೆ ಒಂದೇ ಮುಖದ ಆಟವನ್ನು ಕಲಿಸುವ ಧೈರ್ಯ ನನಗೆ ಬರಲಿಲ್ಲ. 2024ರಲ್ಲಿ ಪ್ಯಾರಿಸ್ಸಿನ ಒಲಿಂಪಿಕ್ಕಿನಲ್ಲಿ ಕಂಚಿನ ಪದಕ ಪಡೆದ 17 ವರ್ಷದ ಫ್ರೆಂಚ್ ಹುಡುಗ ಫೆಲಿಕ್ಸ್ ಲೆಬ್ರನ್ ಪೆನ್‌ಹೋಲ್ಡ್‌ನವನೇ, ಮತ್ತು ಅವನ ಬ್ಯಾಕ್‌ಹ್ಯಾಂಡ್ ಹೊಡೆತ ಹೊರಡುವುದು ಬ್ಯಾಟಿನ ಬೆನ್ನಿನಿಂದಲೇ.