ಬೆಳಗಾಗುವಷ್ಟರಲ್ಲಿ 835 ಮಂದಿ ಎಲ್ಲಿ ಹೋದರು?

ರಾತ್ರಿ ಮಲಗುವಾಗ ನಮ್ಮ ಚಾನೆಲ್ ಮೇಲೆ 4.12K ಅಂತಿತ್ತು. ಬೆಳಿಗ್ಗೆ ಹಾಲು ತರಲು ಹೋದವನು ಡೈರಿ ಮುಂದೆ ನಿಂತು ಮೊಬೈಲ್ ತೆಗೆದರೆ 3.29K. ನೆಟ್‌ವರ್ಕ್ ಸಮಸ್ಯೆ ಇರಬೇಕೆಂದು ಮೂರು ಸಲ ರಿಫ್ರೆಶ್ ಮಾಡಿದೆ. ಅಷ್ಟೇ ಇತ್ತು.

ಹಿಂದಿನ ದಿನವಷ್ಟೇ ಪಕ್ಕದ ಊರಿನ ನ್ಯಾಯಬೆಲೆ ಅಂಗಡಿಯ ತೂಕದ ಬಗ್ಗೆ ಸುದ್ದಿ ಹಾಕಿದ್ದೆ. ಡೈರಿ ಹತ್ತಿರ ಇದ್ದವರೊಬ್ಬರು, "ನೋಡಪ್ಪಾ, ಊರವರ ತಂಟೆಗೆ ಹೋದ್ರೆ ಹಿಂಗೇ ಆಗೋದು, ಜನ ಬಿಟ್ಟು ಹೋದ್ರು" ಅಂದರು. ಆ ಮಾತು ಚುಚ್ಚಿತು. ಆ ವಿಡಿಯೋ ತೆಗೆದುಬಿಡೋಣವೇ ಅನ್ನಿಸಿದ್ದೂ ನಿಜ. ತೆಗೆಯುವ ಮೊದಲು ಲೆಕ್ಕ ನೋಡೋಣ ಎಂದು ಸೈಬರ್ ಅಂಗಡಿಗೆ ಹೋದೆ.

ಹೊರಗೆ ಕಾಣುವ ಸಂಖ್ಯೆ ಪೂರ್ತಿ ಸಂಖ್ಯೆಯಲ್ಲ. ಸಾವಿರ ದಾಟಿದ ಚಾನೆಲ್‌ಗಳಿಗೆ ಯೂಟ್ಯೂಬ್ 2019ರಿಂದ ಮೊದಲ ಮೂರು ಅಂಕಿ ಮಾತ್ರ ತೋರಿಸುತ್ತದೆ, ಉಳಿದದ್ದನ್ನು ಕತ್ತರಿಸುತ್ತದೆ. 12,300 ಇದ್ದ ಚಾನೆಲ್‌ನಿಂದ ಒಬ್ಬನೇ ಒಬ್ಬ ಬಿಟ್ಟರೂ 12.3K ಹೋಗಿ 12.2K ಆಗುತ್ತದೆ, ನೋಡುವವರಿಗೆ ನೂರು ಮಂದಿ ಹೋದಂತೆ ಕಾಣುತ್ತದೆ. ಸರಿಯಾದ ಲೆಕ್ಕ ಇರುವುದು ಚಾನೆಲ್‌ನವರಿಗೆ ಮಾತ್ರ ತೆರೆಯುವ ಯೂಟ್ಯೂಬ್ ಸ್ಟುಡಿಯೋದಲ್ಲಿ. ನನ್ನದು 4,126 ಇದ್ದದ್ದು 3,291 ಆಗಿತ್ತು. ಅಂದರೆ 835 ಕಡಿಮೆ. ಇದು ಕತ್ತರಿಸಿದ ಅಂಕಿಯ ಆಟವಲ್ಲ.

ಅನಾಲಿಟಿಕ್ಸ್‌ನಲ್ಲಿ ಆ ದಿನದ ಲೆಕ್ಕ ಪೂರ್ತಿ ಬರಲು ಎರಡು ದಿನ ಹಿಡಿಯಿತು. ಆ ಎರಡು ದಿನ ಯಾರ ಫೋನನ್ನೂ ಎತ್ತಲಿಲ್ಲ. ಆಮೇಲೆ ವಿವರದ ಪುಟದಲ್ಲಿ Subscription source ಆರಿಸಿ ನೋಡಿದೆ. ಜನ ಎಲ್ಲಿಂದ ಸೇರಿದರು, ಎಲ್ಲಿಂದ ಬಿಟ್ಟರು ಎಂದು ಅದು ಸಾಲುಸಾಲಾಗಿ ಹೇಳುತ್ತದೆ. Closed accounts ಎಂಬ ಸಾಲಿನ ಎದುರು 812 ಇತ್ತು. ಬಳಸುವವರೇ ಮುಚ್ಚಿದ ಖಾತೆ, ನಿಯಮ ಮುರಿದದ್ದಕ್ಕೆ ಯೂಟ್ಯೂಬ್ ಮುಚ್ಚಿದ ಖಾತೆ, ಎರಡೂ ಈ ಒಂದೇ ಸಾಲಿಗೆ ಬೀಳುತ್ತವೆ. ಉಳಿದ 23 ಮಂದಿ ತಾವಾಗಿ ಬಿಟ್ಟವರು. ಅದರಲ್ಲಿ ನ್ಯಾಯಬೆಲೆ ಅಂಗಡಿಯ ವಿಡಿಯೋ ನೋಡುತ್ತಾ ಬಿಟ್ಟವರು ಆರು ಜನ!

ಹಾಗಾದರೆ 812 ಯಾರು? ನಮ್ಮ ಕಡೆ ಹೊಸ ಮೊಬೈಲ್ ಕೊಂಡಾಗಲೆಲ್ಲ ಹೊಸ ಜಿಮೇಲ್ ಮಾಡುವ ರೂಢಿಯಿದೆ, ಹಳೆಯದರ ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. ಎರಡು ವರ್ಷ ಬಳಸದ ಖಾತೆಯನ್ನು ಅಳಿಸಬಹುದು ಎಂದು ಗೂಗಲ್ 2023ರಲ್ಲಿ ನಿಯಮ ಮಾಡಿದೆ. ಹೀಗೆ ಹೋಗುವವರು ಆಗೊಬ್ಬರು ಈಗೊಬ್ಬರು. ಒಂದೇ ರಾತ್ರಿ 812 ಎಂದರೆ ಅದು ಸ್ಪ್ಯಾಮ್ ಖಾತೆಗಳನ್ನು ಗುಡಿಸಿದ್ದು. 2018ರ ಡಿಸೆಂಬರ್ 13 ಮತ್ತು 14ರಂದು ಯೂಟ್ಯೂಬ್ ಮೊದಲೇ ತಿಳಿಸಿ ಇಂಥದ್ದೇ ದೊಡ್ಡ ಸ್ವಚ್ಛತೆ ಮಾಡಿತ್ತು. ಸ್ಪ್ಯಾಮ್ ತೆಗೆದ ಮೇಲೆ ಸಾವಿರಕ್ಕಿಂತ ಕೆಳಗೆ ಬಿದ್ದ ಚಾನೆಲ್‌ಗಳು ಜಾಹೀರಾತಿನ ಹಣ ಕಳೆದುಕೊಳ್ಳುತ್ತವೆ, ನಿಜವಾದ ಜನ ಸೇರಿದ ಮೇಲೆ ಮತ್ತೆ ಅರ್ಜಿ ಹಾಕಬಹುದು ಎಂದು ಆಗಲೇ ಹೇಳಿತ್ತು.

ನನ್ನ ಚಾನೆಲ್‌ಗೆ ಸ್ಪ್ಯಾಮ್ ಹೇಗೆ ಬಂತು ಎಂದು ಹುಡುಕಬೇಕಾಗಿರಲಿಲ್ಲ. ತಂದವನು ನಾನೇ. ಎರಡು ವರ್ಷದ ಹಿಂದೆ 640ಕ್ಕೆ ನಿಂತುಬಿಟ್ಟಿದ್ದೆ, ಜಾಹೀರಾತಿನ ಹಣಕ್ಕೆ ಸಾವಿರ ಬೇಕಿತ್ತು. ಒಬ್ಬ ಏಜೆಂಟ್ 1,500 ರೂಪಾಯಿಗೆ ಸಾವಿರ ಮಂದಿಯನ್ನು ಕೊಡುತ್ತೇನೆ ಅಂದ. ಮೂರೇ ದಿನದಲ್ಲಿ ಕೊಟ್ಟ. ಹೆಂಡತಿಗೂ ಹೇಳಿರಲಿಲ್ಲ. ಅವರಿಂದ ಹಣವೂ ಬರಲಿಲ್ಲ, ಯಾಕೆಂದರೆ ಸಾವಿರ ಮಂದಿಯ ಜೊತೆಗೆ ಹನ್ನೆರಡು ತಿಂಗಳಲ್ಲಿ 4,000 ಗಂಟೆ ನೋಡಿರಬೇಕು. ಆ ಸಾವಿರ ಖಾತೆಗಳು ಒಂದು ನಿಮಿಷವೂ ನೋಡಿದ್ದಿಲ್ಲ. ಗಂಟೆಗಳು ಕೂಡಿದ್ದು ಒಂದು ವರ್ಷ ಕಳೆದು, ಕೆರೆ ಕೋಡಿ ಬಿದ್ದ ಸುದ್ದಿಗಳಿಂದ.

ಇದಕ್ಕೆ ಸಾಕ್ಷಿ ವೀಕ್ಷಣೆಯ ಲೆಕ್ಕ. 835 ಮಂದಿ ಹೋದ ವಾರ ಹಾಕಿದ ಮೂರು ಸುದ್ದಿಗಳನ್ನೂ ಹಿಂದಿನ ವಾರದಷ್ಟೇ ಜನ ನೋಡಿದ್ದಾರೆ. ನಿಜವಾದ ಓದುಗರು ಬಿಟ್ಟು ಹೋಗಿದ್ದರೆ ಇಲ್ಲಿ ಇಳಿಯಬೇಕಿತ್ತು. ಕೊಂಡ ಸಾವಿರದಲ್ಲಿ ಇನ್ನೂ ಇನ್ನೂರರ ಹತ್ತಿರ ಉಳಿದಿರಬೇಕು, ಅವೂ ಒಂದು ರಾತ್ರಿ ಹೋಗುತ್ತವೆ.

ಕಷ್ಟವಾದದ್ದು ಬೇರೆ. ಪೇಟೆಯ ಗೊಬ್ಬರದ ಅಂಗಡಿಯವರು ನಾಲ್ಕು ಸಾವಿರ ಮಂದಿ ಇದ್ದಾರೆಂದು ನಂಬಿ ತಿಂಗಳಿಗೆ 1,200 ರೂಪಾಯಿ ಕೊಡುತ್ತಿದ್ದರು. ಅವರ ಎದುರು ಮೊಬೈಲ್ ಇಟ್ಟು ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡೋರು ಎಷ್ಟು ಜನ, ಅದು ಹೇಳಿ ಸಾರ್" ಅಂದರು. ಒಂದು ವಿಡಿಯೋಕ್ಕೆ ಸುಮಾರು ಒಂಬೈನೂರು ಅಂದೆ. ಕ್ಯಾಲ್ಕುಲೇಟರ್ ಒತ್ತಿ, "ಹಂಗಾದ್ರೆ ಎಂಟುನೂರು ಕೊಡ್ತೀನಿ" ಅಂದರು.

ಒಪ್ಪಿಕೊಂಡೆ. ನ್ಯಾಯಬೆಲೆ ಅಂಗಡಿಯ ವಿಡಿಯೋ ಇನ್ನೂ ಅಲ್ಲೇ ಇದೆ.