ಕಾಫಿ ತಂದವರು

ಕನ್ನಡ ಸಿನಿಮಾದಲ್ಲಿ ಕಾಫಿ ಬಂತೆಂದರೆ ಅದರ ಹಿಂದೆಯೇ ಇನ್ನೇನೋ ಬರುತ್ತಿದೆ ಎಂದು ಅರ್ಥ. ಹೆಣ್ಣು ನೋಡಲು ಬಂದವರ ಮುಂದೆ ತಟ್ಟೆ ಹಿಡಿದು ನಿಂತ ಹುಡುಗಿ, ಪೇಪರಿನ ಮರೆಯಿಂದ ಕೈಯನ್ನಷ್ಟೇ ಚಾಚುವ ಅಪ್ಪ, ಸಾಲ ಕೇಳಲು ಬಂದು ಬಾಯಿ ಬಾರದೆ ಲೋಟವನ್ನೇ ತಿರುಗಿಸುತ್ತ ಕೂತ ನೆಂಟ, ಟೆಲಿಗ್ರಾಂ ಓದಿದ್ದು ಕಿವಿಗೆ ಬಿದ್ದೊಡನೆ ಅಮ್ಮನ ಕೈಯಿಂದ ಜಾರುವ ಲೋಟ. ಇವನ್ನೆಲ್ಲ ಒಂದೆಡೆ ಸೇರಿಸಿ, ಹಿಂದುಮುಂದಿನ ಕಥೆಯನ್ನು ಕಳಚಿ, ಕಾಫಿಯನ್ನಷ್ಟೇ ಉಳಿಸಿಕೊಂಡು ಒಂದು ಸೂಪರ್‌ಕಟ್ ಮಾಡಬೇಕೆಂಬ ಆಸೆ ನನ್ನಲ್ಲಿ ಬಹಳ ಕಾಲದಿಂದ ಇತ್ತು. ಮಾಡಿದೆ. ಮಾಡುವಾಗ ಸಿಕ್ಕ ಸುಖ ದೊಡ್ಡದು, ಅದರಲ್ಲೂ ಕ್ಲಿಪ್ಪುಗಳನ್ನು ಜೋಡಿಸಿದ ದಿನಗಳದ್ದು.

ಈ ಬಗೆಯ ವಿಡಿಯೋಗಳಿಗೆ ಸೂಪರ್‌ಕಟ್ ಎಂಬ ಹೆಸರು ಬಿದ್ದದ್ದು 2008ರಲ್ಲಿ. ಕೆಲಸ ಮಾತ್ರ ಹಳೆಯದು. ಕ್ರಿಶ್ಚಿಯನ್ ಮಾರ್ಕ್ಲೇ ಎಂಬ ಕಲಾವಿದ 1995ರಲ್ಲಿ ‘ಟೆಲಿಫೋನ್ಸ್’ ಎಂಬ ಏಳೂವರೆ ನಿಮಿಷದ ವಿಡಿಯೋ ಮಾಡಿದ. ಹಾಲಿವುಡ್ ಚಿತ್ರಗಳ ಜನ ನಂಬರ್ ತಿರುಗಿಸುತ್ತಾರೆ, ಬೇರೆ ಯಾವುದೋ ಚಿತ್ರದಲ್ಲಿ ಗಂಟೆ ಬಾರಿಸುತ್ತದೆ, ಮತ್ತೊಂದರಲ್ಲಿ ಯಾರೋ ಎತ್ತಿಕೊಂಡು ಹಲೋ ಎನ್ನುತ್ತಾರೆ, ಮಾತಾಡುತ್ತಾರೆ, ಕೇಳಿಸಿಕೊಳ್ಳುತ್ತಾರೆ, ಕೊನೆಗೆ ಇಡುತ್ತಾರೆ. ಹತ್ತಾರು ಚಿತ್ರಗಳು ಸೇರಿ ಒಂದೇ ಒಂದು ಫೋನ್ ಕರೆ. ಅದನ್ನು ನೋಡಿದಾಗ ನನಗೆ ಹೊಳೆದದ್ದು ಇಷ್ಟು: ಇಲ್ಲಿ ಕಥೆ ಹೇಳುತ್ತಿರುವುದು ಆ ಕ್ರಿಯೆ. ಶುರು, ನಡು, ಕೊನೆ ಎಲ್ಲವೂ ಕ್ರಿಯೆಯ ಒಳಗೇ ಇವೆ. ಕಾಫಿಗೂ ಅವು ಇವೆ. ಕೂಗುವುದು, ಸೋಸುವುದು, ಎತ್ತಿ ಹುಯ್ಯುವುದು, ತರುವುದು, ಕೊಡುವುದು, ಊದುವುದು, ಗುಟುಕರಿಸುವುದು, ಕೆಳಗಿಡುವುದು. ಇವುಗಳ ಜೊತೆಗೆ ಸಿನಿಮಾದವರಿಗೆ ಪ್ರಿಯವಾದ ಇನ್ನೊಂದು ಹಂತ: ಕುಡಿಯದೆ ಬಿಡುವುದು.

ಸಂಗ್ರಹಿಸಿದ ತುಣುಕುಗಳನ್ನು ಮೊದಲು ಈ ಹಂತಗಳ ಪ್ರಕಾರ ಫೋಲ್ಡರುಗಳಲ್ಲಿ ಹಾಕಿದೆ. ಒಂದು ತುಣುಕಿನಲ್ಲಿ ಒಂದೇ ಕ್ರಿಯೆ ಇರುವಂತೆ ಕತ್ತರಿಸಿದೆ. ತರುವುದೂ ಕೊಡುವುದೂ ಒಂದೇ ಶಾಟಿನಲ್ಲಿದ್ದರೆ ಅದನ್ನು ಎರಡು ತುಣುಕಾಗಿಸಿದೆ. ಫೈಲಿನ ಹೆಸರಿನಲ್ಲೇ ಮೂರು ವಿಷಯ ಸೇರಿಸಿದೆ: ಲೋಟ ಪರದೆಯ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ, ಶಾಟ್ ಹತ್ತಿರದ್ದೋ ದೂರದ್ದೋ, ಹಿಂದೆ ಸಂಗೀತ ಇದೆಯೋ ಇಲ್ಲವೋ. ಬಣ್ಣ, ವರ್ಷ, ನಟರ ಹೆಸರು ಕಣ್ಣಿಗೇ ಕಾಣುತ್ತವೆ. ಜೋಡಿಸುವಾಗ ಹುಡುಕಬೇಕಾಗಿ ಬರುವುದು ಈ ಮೂರನ್ನೇ.

ವರ್ಷದ ಕ್ರಮದಲ್ಲಿ ಜೋಡಿಸಬಾರದೇ ಎಂದು ಹಲವರು ಕೇಳಿದ್ದಾರೆ. ಮೇಲ್ನೋಟಕ್ಕೆ ಅದು ನ್ಯಾಯವಾದ ಕ್ರಮ. ಆದರೆ ಹಾಗೆ ಮಾಡಿದರೆ ಕಪ್ಪುಬಿಳುಪೆಲ್ಲ ಮೊದಲೇ ಮುಗಿದುಹೋಗುತ್ತದೆ, ಬಣ್ಣವೆಲ್ಲ ಆಮೇಲೆ ಬರುತ್ತದೆ, ಬಣ್ಣ ಬಂದ ಆ ಒಂದು ಕ್ಷಣ ಬಿಟ್ಟರೆ ನೋಡುವವರಿಗೆ ಹೊಸದೇನೂ ಉಳಿಯುವುದಿಲ್ಲ. 1960ರ ದಶಕದ ಅಜ್ಜಿ ಚಾಚಿದ ಲೋಟವನ್ನು ಎರಡು ಸಾವಿರದ ಈಚಿನ ಮೊಮ್ಮಗಳು ತೆಗೆದುಕೊಂಡಳೆನ್ನಿಸಿದಾಗ ಆಗುವ ಸಂತೋಷವೇ ಬೇರೆ. ಅದು ಕಾಲಾನುಕ್ರಮದಲ್ಲಿ ಸಿಗಲಾರದು.

ಆ ಲೋಟ ಒಂದು ಚಿತ್ರದಿಂದ ಇನ್ನೊಂದಕ್ಕೆ ದಾಟುವುದು ಹೇಗೆ? ನನಗೆ ಅತ್ಯಂತ ಪ್ರಿಯವಾದ ಕೆಲಸ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮ್. ಕಪ್ಪುಬಿಳುಪಿನ ಅಜ್ಜಿಯ ಕೈ ಎಡದಿಂದ ಬಲಕ್ಕೆ ಬರುತ್ತಿದೆ. ಕೈ ಪೂರ್ತಿ ಚಾಚಿ ನಿಂತ ಮೇಲೆ ಕತ್ತರಿಸಿದರೆ ಕಟ್ ಎದ್ದು ಕಾಣುತ್ತದೆ. ನಿಂತ ಕೈಯಿಂದ ಕಣ್ಣು ಆಗಲೇ ಬಿಡುವು ತೆಗೆದುಕೊಂಡಿರುತ್ತದೆ. ಆದ್ದರಿಂದ ಕೈ ಇನ್ನೂ ದಾರಿಯಲ್ಲಿರುವಾಗಲೇ, ಮುಕ್ಕಾಲು ದೂರ ಹೋಗುವಷ್ಟರಲ್ಲಿ ಕತ್ತರಿಸಬೇಕು. ಮುಂದಿನ ತುಣುಕಿನಲ್ಲೂ ಲೋಟ ಎಡದಿಂದ ಬಲಕ್ಕೇ ಚಲಿಸುತ್ತಿರಬೇಕು, ಪರದೆಯ ಹೆಚ್ಚುಕಡಿಮೆ ಅದೇ ಜಾಗದಲ್ಲಿರಬೇಕು. ಅದನ್ನು ಅಜ್ಜಿಯ ಕೈ ಬಿಟ್ಟ ಜಾಗದಿಂದಲೇ ಶುರು ಮಾಡದೆ ಎರಡು ಮೂರು ಫ್ರೇಮ್ ಹಿಂದಿನಿಂದ ಶುರು ಮಾಡಬೇಕು. ಕಟ್ ಆದ ಕ್ಷಣದಲ್ಲಿ ಕಣ್ಣು ಹೊಸ ಚಿತ್ರವನ್ನು ಹಿಡಿದುಕೊಳ್ಳಲು ಅಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಆ ಮೂರು ಫ್ರೇಮ್ ಕೊಡದಿದ್ದರೆ ಕೈ ಹಾರಿದಂತೆ ಕಾಣುತ್ತದೆ. ಏಳೆಂಟು ಕೊಟ್ಟರೆ ತಡವರಿಸಿದಂತೆ ಕಾಣುತ್ತದೆ. ಸರಿಯಾಗಿ ಬಿತ್ತೆಂದರೆ, ನಲವತ್ತು ವರ್ಷ ದಾಟಿದ್ದು ನೋಡುವವರಿಗೆ ಗೊತ್ತಾಗುವುದು ಲೋಟ ಕೈಸೇರಿದ ಮೇಲೆ.

ಹಾಲಿವುಡ್ಡಿನ ಹೆಸರಾಂತ ಸಂಕಲನಕಾರ ವಾಲ್ಟರ್ ಮರ್ಚ್ ಒಳ್ಳೆಯ ಕಟ್ಟಿಗೆ ಆರು ಲಕ್ಷಣ ಹೇಳಿದ್ದಾನೆ. ಮೊದಲನೆಯದು ಭಾವ, ಎರಡನೆಯದು ಕಥೆ, ಮೂರನೆಯದು ಲಯ. ನೋಡುಗರ ಕಣ್ಣು ಪರದೆಯ ಮೇಲೆ ಎಲ್ಲಿದೆ ಎನ್ನುವುದು ನಾಲ್ಕನೆಯದು. ಕಥಾಚಿತ್ರಕ್ಕೆ ಆ ಕ್ರಮ ಸರಿ. ಸೂಪರ್‌ಕಟ್‌ಗೆ ಮಾತ್ರ ಕಣ್ಣಿನ ಜಾಗವೇ ಮೊದಲು ಬರಬೇಕೆಂಬುದು ನನ್ನ ಅಭಿಪ್ರಾಯ. ಇಲ್ಲಿ ಪಾತ್ರಗಳು ಒಂದೂವರೆ ಸೆಕೆಂಡಿಗೊಮ್ಮೆ ಬದಲಾಗುತ್ತವೆ. ನೋಡುವವರು ಕೈಹಿಡಿದು ನಡೆಯಲು ಇರುವುದು ಆ ಲೋಟವೊಂದೇ.

ಎಷ್ಟು ಹೊತ್ತು ತೋರಿಸಬೇಕು ಎಂಬುದನ್ನೂ ಲೋಟವೇ ಹೇಳುತ್ತದೆ. ಹತ್ತಿರದ ಶಾಟಿನಲ್ಲಿ ಲೋಟವೊಂದೇ ಇದ್ದರೆ 20 ಫ್ರೇಮ್ ಸಾಕು, ಒಂದು ಸೆಕೆಂಡೂ ಬೇಡ. ಹಜಾರದ ತುಂಬ ನೆಂಟರು ಕೂತು ಮೂಲೆಯಲ್ಲೊಂದು ಲೋಟ ಇದ್ದರೆ ಅದನ್ನು ಹುಡುಕಲೇ ಎರಡು ಸೆಕೆಂಡು ಬೇಕು. ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಿದರೆ ಮೊದಲ ಅರ್ಧ ನಿಮಿಷ ಚುರುಕಾಗಿ ಕಾಣುತ್ತದೆ. ಆಮೇಲೆ ಮೈಗೆ ತಾಳ ಗೊತ್ತಾಗಿ ಮನಸ್ಸು ಎದ್ದುಹೋಗುತ್ತದೆ. ತನಿ ಆವರ್ತನದಲ್ಲಿ ಮೃದಂಗದವರು ನಡೆ ಬದಲಿಸುವಂತೆ ಇಲ್ಲೂ ಬದಲಿಸುತ್ತಿರಬೇಕು. ಗುಟುಕರಿಸುವ ಭಾಗವನ್ನು ನಾನು ಕಟ್ಟಿದ್ದು ಹೀಗೆ: ಮೊದಲ ಗುಟುಕಿಗೆ ಎರಡು ಸೆಕೆಂಡು, ನಂತರದ್ದಕ್ಕೆ ಒಂದೂವರೆ, ಆಮೇಲೆ ಒಂದು, ಮುಂದೆ ಐದಾರು ಗುಟುಕು ಅರ್ಧರ್ಧ ಸೆಕೆಂಡಿನವು, ತಕ್ಷಣ ಒಬ್ಬ ಮುದುಕ ಐದು ಸೆಕೆಂಡು ಸುಮ್ಮನೆ ಊದುತ್ತ ಕೂತಿರುತ್ತಾನೆ. ಕುಡಿಯುವುದೇ ಇಲ್ಲ. ನೋಡಿದವರೆಲ್ಲ ನಗುವ ಜಾಗ ಅದು. ಮುದುಕನಲ್ಲಿ ನಗಿಸುವಂಥದ್ದೇನೂ ಇಲ್ಲ, ಅವನು ಬಂದ ಜಾಗ ನಗಿಸುತ್ತದೆ.

ಫಿಲ್ಮನ್ನು ಕತ್ತರಿಯಿಂದಲೇ ಕತ್ತರಿಸುತ್ತಿದ್ದ ಕಾಲದ ಹಿರಿಯ ಸಂಕಲನಕಾರರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಅವರಿಗೆ ತೋರಿಸಿದಾಗ ಹೇಳಿದರು: “ಮೂರು ಸಲ ತೋರಿಸಿ ಸಾರ್. ನಾಲ್ಕನೇ ಸಲಕ್ಕೆ ಅವರೇ ಮುಂದೇನು ಅಂತ ಹೇಳ್ತಾರೆ. ಅಲ್ಲಿ ಬೇರೆ ಕೊಡಿ.” ಅಚ್ಚರಿಯ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದಿಲ್ಲ. ಕೊಡುವ ಭಾಗದಲ್ಲಿ ಅದನ್ನೇ ಮಾಡಿದೆ. ಚಾಚಿದ ಕೈ, ತೆಗೆದುಕೊಂಡ ಕೈ. ಚಾಚಿದ ಕೈ, ತೆಗೆದುಕೊಂಡ ಕೈ. ಮೂರನೆಯ ಸಲವೂ ಅದೇ. ನಾಲ್ಕನೆಯ ಸಲ ಚಾಚಿದ ಕೈಯ ನಂತರ ಖಾಲಿ ಕುರ್ಚಿ. ಕುರ್ಚಿಯ ಶಾಟ್ ಬೇರೆ ಚಿತ್ರದ್ದು, ಕಾಫಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆದರೂ ನೋಡಿದ ಪ್ರತಿಯೊಬ್ಬರೂ ಯಾರೋ ಮನೆಬಿಟ್ಟು ಹೋಗಿದ್ದಾರೆ ಎಂದೇ ತಿಳಿದರು. ಕಲಾವಿದ ಬ್ರೂಸ್ ಕಾನರ್ 1958ರ ‘ಎ ಮೂವಿ’ ಎಂಬ ಚಿತ್ರದಲ್ಲಿ ಸಬ್‌ಮೆರೀನಿನೊಳಗೆ ಪೆರಿಸ್ಕೋಪಿಗೆ ಕಣ್ಣಿಟ್ಟವನೊಬ್ಬನ ಶಾಟಿಗೆ ಎಲ್ಲಿಂದಲೋ ತಂದ ಚೆಲುವೆಯ ಶಾಟನ್ನು ಅಂಟಿಸಿ, ಅದರ ಬೆನ್ನಿಗೇ ಟಾರ್ಪಿಡೊ ಹಾರಿಸುತ್ತಾನೆ. ಸಂಬಂಧವಿಲ್ಲದ ಶಾಟುಗಳಿಗೆ ಪಕ್ಕದಲ್ಲಿ ಕೂತದ್ದರಿಂದಲೇ ಸಂಬಂಧ ಹುಟ್ಟುತ್ತದೆ. ಎರಡನ್ನೂ ಹೊಲಿಯುವುದು ನೋಡುವವರ ಮನಸ್ಸು.

ಹೆಸರಾಂತ ಮುಖಗಳ ವಿಚಾರದಲ್ಲಿ ಎಚ್ಚರ ಬೇಕು. ರಾಜ್‌ಕುಮಾರ್ ಲೋಟ ಎತ್ತಿದ ತಕ್ಷಣ ನಾವೆಲ್ಲ ‘ಯಾವ ಪಿಕ್ಚರ್ ಇದು’ ಎಂದು ಯೋಚಿಸತೊಡಗುತ್ತೇವೆ. ಮುಂದಿನ ಎರಡು ತುಣುಕುಗಳು ಕಣ್ಣಮುಂದೆ ಹೋದರೂ ಒಳಗೆ ಇಳಿಯುವುದಿಲ್ಲ. ನನ್ನ ಅಕ್ಕನ ಪಕ್ಕ ಕೂತು, ಪರದೆಯನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದಾಗ ಇದು ಸ್ಪಷ್ಟವಾಗಿ ಕಂಡಿತು. “ಅಯ್ಯೋ ತಡಿಯೋ, ಇದು ಅಪ್ಪಾಜಿ ಜೊತೆ ನೋಡಿದ್ವಲ್ಲ” ಎನ್ನುವಷ್ಟರಲ್ಲಿ ಜಾರಿದ ಲೋಟ ಬಿದ್ದು ಮುಗಿದಿತ್ತು. ಹಾಗಾಗಿ ದೊಡ್ಡ ಮುಖದ ಹಿಂದೆ ಸುಲಭದ ತುಣುಕುಗಳನ್ನೇ ಇಡುತ್ತೇನೆ: ಸೋಸುವುದು, ನೊರೆ, ಹಬೆ. ಅವು ತಪ್ಪಿಹೋದರೂ ನಷ್ಟವಿಲ್ಲ. ಅಚ್ಚರಿಯನ್ನು ಅಲ್ಲಿಂದ ದೂರ ಇಡಬೇಕು.

ಸದ್ದಿನದು ಅತ್ಯಂತ ಕಷ್ಟದ ಪಾಲು. ಹಳೆಯ ಚಿತ್ರಗಳಲ್ಲಿ ಕಾಫಿ ಕೊಡುವಾಗಲೂ ಪಿಟೀಲು ನುಡಿಯುತ್ತಿರುತ್ತದೆ. ಅರ್ಧ ಸ್ವರಕ್ಕೆ ಕತ್ತರಿಸಿದರೆ ಎಷ್ಟು ಒಳ್ಳೆಯ ಕಟ್ಟೂ ಒರಟಾಗಿ ಕೇಳುತ್ತದೆ. ಸಂಗೀತವಿಲ್ಲದ ತುಣುಕುಗಳಿಗೇ ಮೊದಲ ಮರ್ಯಾದೆ ಎಂದು ನಿಯಮ ಮಾಡಿಕೊಂಡೆ. ಒಂದೊಂದು ಪ್ರಿಂಟಿನ ಹಿಂದೆ ಇರುವ ಸರ್ರೆನ್ನುವ ಸದ್ದೂ ಒಂದೊಂದು ತೆರ. ಅದು ಪ್ರತಿ ಕಟ್ಟಿಗೂ ಏರಿಳಿಯದಂತೆ, ಒಂದು ಹಳೆಯ ಚಿತ್ರದ ಮೌನದ ಭಾಗವನ್ನು ತೆಗೆದು ಎಲ್ಲದರ ಕೆಳಗೂ ತೆಳುವಾಗಿ ಹಾಸಿದೆ. ಆಮೇಲೆ ಮುಂದಿನ ತುಣುಕಿನ ಸದ್ದನ್ನು ಅದರ ಚಿತ್ರಕ್ಕಿಂತ ಐದಾರು ಫ್ರೇಮ್ ಮೊದಲೇ ಕೇಳಿಸಿದೆ. ಲೋಟ ಮೇಜಿಗೆ ತಾಗಿದ ಸದ್ದು ಮೊದಲು, ಮೇಜು ಆಮೇಲೆ. ಕಿವಿ ಮುಂದೆ ಹೋಗಿ ಕಣ್ಣನ್ನು ಕರೆಯುತ್ತದೆ, ಕಟ್ ಮೃದುವಾಗುತ್ತದೆ. ಒಮ್ಮೆ ಪರದೆ ಮುಚ್ಚಿ ಬರೀ ಕೇಳಿದರೆ ಎಲ್ಲಿ ಎಡವಿದೆ ಎಂಬುದು ಬೇಗ ಗೊತ್ತಾಗುತ್ತದೆ.

ಕೊನೆಯ ತುಣುಕು ಯಾವುದಿರಬೇಕು? ಖಾಲಿ ಲೋಟ ಕೆಳಗಿಡುವುದು ಎಲ್ಲರೂ ನಿರೀಕ್ಷಿಸುವ ಮುಕ್ತಾಯ, ಅದಕ್ಕೇ ಅದು ಬೇಡವಾಯಿತು. ಖಾಲಿ ಲೋಟದ ನಂತರ ಅಡುಗೆಮನೆಯಿಂದ “ಇನ್ನೊಂದು ಲೋಟ ತರ್ಲಾ?” ಎಂದು ಕೂಗುವ ಹೆಣ್ಣುದನಿಯೊಂದನ್ನು ಇಟ್ಟೆ. ಒಟ್ಟು ಮೂರೂವರೆ ನಿಮಿಷ. ತುಣುಕುಗಳು ಇನ್ನೂ ಇದ್ದವು, ಒಳ್ಳೆಯವೇ ಇದ್ದವು. ಆದರೆ ಒಂಬತ್ತು ಹಂತದ ಕ್ರಿಯೆಯೊಂದು ಅದಕ್ಕಿಂತ ಹೆಚ್ಚು ಹೊತ್ತು ತಾಳುವುದಿಲ್ಲ.

ಅಷ್ಟೂ ತುಣುಕುಗಳನ್ನು ಮತ್ತೆ ಮತ್ತೆ ನೋಡಿದ ಮೇಲೆ ಕಂಡ ಒಂದು ಸಂಗತಿ ಇದೆ. ಕಾಫಿ ಕುಡಿದ ನಟರ ಹೆಸರುಗಳೆಲ್ಲ ನಮಗೆ ಗೊತ್ತು. ತಟ್ಟೆ ಹಿಡಿದು ಬಂದು, ಕೊಟ್ಟು, ಒಂದೂ ಮಾತಾಡದೆ ಒಳಗೆ ಹೋದ ಹೆಂಗಸರಲ್ಲಿ ಎಷ್ಟೋ ಜನರ ಹೆಸರು ಆ ಚಿತ್ರಗಳ ಟೈಟಲ್ ಕಾರ್ಡಿನಲ್ಲೂ ಇಲ್ಲ. ನನ್ನ ವಿಡಿಯೋದ ಕೊನೆಯಲ್ಲಿ ಪ್ರತಿ ತುಣುಕಿನ ಚಿತ್ರದ ಹೆಸರು, ವರ್ಷ, ಛಾಯಾಗ್ರಾಹಕರ ಹೆಸರು ಹಾಕಿದ್ದೇನೆ. ಆ ಹೆಂಗಸರ ಜಾಗ ಖಾಲಿ ಇದೆ. ನೀವೂ ಇಂಥದೊಂದನ್ನು ಮಾಡಹೊರಟರೆ, ಹಳೆಯ ಕಲಾವಿದರನ್ನು ಬಲ್ಲವರು ಯಾರಾದರೂ ಹತ್ತಿರದಲ್ಲಿದ್ದರೆ, ದಯವಿಟ್ಟು ಮೊದಲು ಅವರ ಎದುರಿಗೆ ಕೂತು ಆ ಹೆಸರುಗಳನ್ನು ಕೇಳಿ ಬರೆದುಕೊಳ್ಳಿ. ಎಡಿಟಿಂಗ್ ಆಮೇಲೆ ಮಾಡಬಹುದು.